ಬೇಕ್ ಮಾಡಿದ ದೃಶ್ಯದಲ್ಲಿ ನಡೆದಾಡುವ ಪಾತ್ರಕ್ಕೆ ಲೈಟ್ ಪ್ರೋಬ್‌ಗಳ ಬೆಳಕು

ಪ್ರಶ್ನೆ: ಯೂನಿಟಿಯಲ್ಲಿ ಬಿಸಿಲಿನ ಅಂಗಳ, ಅದರ ಪಕ್ಕದಲ್ಲೊಂದು ಕತ್ತಲೆ ಕೋಣೆ ಮಾಡಿ ಬೆಳಕನ್ನೆಲ್ಲ ಬೇಕ್ ಮಾಡಿದ್ದೇನೆ. ಲೈಟ್ ಪ್ರೋಬ್‌ಗಳನ್ನೂ ಹಾಕಿದ್ದೇನೆ. ಆದರೂ ಪಾತ್ರ ಕೋಣೆಯೊಳಗೆ ಗೋಡೆಯ ಹತ್ತಿರ ಹೋದರೆ ಹೊಳೆಯುತ್ತದೆ, ಅಂಗಳದಲ್ಲಿ ಅದರ ಮೈಮೇಲೆ ಕಪ್ಪು ಪಟ್ಟಿ ಕಾಣುತ್ತದೆ. ಪ್ರೋಬ್ ಒಳಗೆ ನಿಜವಾಗಿ ಏನಿರುತ್ತದೆ, ತಪ್ಪು ಎಲ್ಲಿದೆ?

ನೀವು ಹೇಳಿರುವ ಎರಡು ದೋಷಗಳಿಗೂ ಕಾರಣಗಳು ಬೇರೆ ಬೇರೆ. ಆದರೆ ಪ್ರೋಬ್ ಏನನ್ನು ನೆನಪಿಟ್ಟುಕೊಳ್ಳುತ್ತದೆ ಎಂಬುದನ್ನು ತಿಳಿದರೆ ಎರಡೂ ಒಟ್ಟಿಗೆ ಸ್ಪಷ್ಟವಾಗುತ್ತವೆ, ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಲೈಟ್‌ಮ್ಯಾಪ್ ಒಂದು ಮೇಲ್ಮೈಗೆ ಅಂಟಿಕೊಂಡ ಚಿತ್ರ. ಚಲಿಸುವ ಪಾತ್ರಕ್ಕೆ ಅದು ಒದಗುವುದಿಲ್ಲ. ಪ್ರೋಬ್ ಎಂಬುದು ಖಾಲಿ ಜಾಗದ ಒಂದು ಬಿಂದು. ಬೇಕ್ ಮಾಡುವಾಗ ಆ ಬಿಂದುವಿಗೆ ಎಲ್ಲ ದಿಕ್ಕುಗಳಿಂದ ಬರುವ ಬೆಳಕನ್ನು ಅಳೆದು, ಅದನ್ನು ಸ್ಫೆರಿಕಲ್ ಹಾರ್ಮೋನಿಕ್ಸ್ ಎಂಬ ಗೋಳದ ಮೇಲಿನ ಮೃದುವಾದ ಆಕಾರಗಳ ಮೊತ್ತವಾಗಿ ಬರೆದಿಡಲಾಗುತ್ತದೆ. ಎರಡನೆಯ ಹಂತದವರೆಗೆ ಇಂಥ 9 ಆಕಾರಗಳಿವೆ. ಕೆಂಪು, ಹಸಿರು, ನೀಲಿ ಮೂರಕ್ಕೂ ಸೇರಿ 27 ಸಂಖ್ಯೆಗಳು, ಅಂದರೆ ಒಂದು ಪ್ರೋಬ್‌ಗೆ 108 ಬೈಟ್. ಇಷ್ಟು ಕಡಿಮೆ ಸಾಕಾಗುವುದಕ್ಕೆ ಗಣಿತದ ಕಾರಣವಿದೆ. ಮ್ಯಾಟ್ ಮೇಲ್ಮೈಯೊಂದು ತನ್ನೆದುರಿನ ಅರ್ಧಗೋಳದ ಬೆಳಕನ್ನೆಲ್ಲ ಕೊಸೈನ್ ತೂಕದೊಂದಿಗೆ ಕೂಡಿಸಿಕೊಳ್ಳುವುದರಿಂದ, ಸೂಕ್ಷ್ಮ ವಿವರಗಳು ಆ ಕೂಡುವಿಕೆಯಲ್ಲೇ ಕರಗಿಹೋಗುತ್ತವೆ. ಸೊನ್ನೆ, ಒಂದು, ಎರಡನೆಯ ಹಂತಗಳು ಕ್ರಮವಾಗಿ π, 2π/3, π/4 ಪಟ್ಟು ಉಳಿದುಕೊಂಡರೆ, ಮೂರನೆಯದು ಪೂರ್ತಿ ಸೊನ್ನೆಯಾಗುತ್ತದೆ, ನಾಲ್ಕನೆಯದರ ಪಾಲು ತೀರ ಸಣ್ಣದು. ರಾಮಮೂರ್ತಿ ಮತ್ತು ಹ್ಯಾನ್ರಹಾನ್ 2001ರಲ್ಲಿ ಇದನ್ನು ತೋರಿಸಿಕೊಟ್ಟ ಮೇಲೆ ಈ 9 ಎಂಬ ಸಂಖ್ಯೆ ಆಟಗಳ ಲೋಕದಲ್ಲಿ ನೆಲೆಯೂರಿತು.

ಶೇಡರ್‌ನ ಕೆಲಸವೂ ಅಷ್ಟೇ ಸರಳ. ಸ್ಥಿರಾಂಕಗಳನ್ನು ಮೊದಲೇ ಗುಣಿಸಿಟ್ಟುಕೊಂಡರೆ, ಲೋಕದ ನಿರ್ದೇಶಾಂಕಗಳಲ್ಲಿರುವ ನಾರ್ಮಲ್ `n` ಅನ್ನು ಕೊಟ್ಟು ಹೀಗೆ ಬೆಳಕನ್ನು ಪಡೆಯಬಹುದು:

```
float3 E = c0 + c1*n.y + c2*n.z + c3*n.x
  + c4*n.x*n.y + c5*n.y*n.z + c6*(3*n.z*n.z - 1)
  + c7*n.x*n.z + c8*(n.x*n.x - n.y*n.y);
```

ಇದರಲ್ಲಿ ಗಮನಿಸಬೇಕಾದದ್ದು, `c` ಸಂಖ್ಯೆಗಳೆಲ್ಲ ಬರಿಯ ಮೊತ್ತದಲ್ಲಿ ಬರುತ್ತವೆ ಎಂಬುದು. ಹಾಗಾಗಿ ಎರಡು ಪ್ರೋಬ್‌ಗಳ ಸಂಖ್ಯೆಗಳನ್ನು ಬೆರೆಸಿದರೆ ಅವುಗಳ ಬೆಳಕನ್ನೇ ಬೆರೆಸಿದಂತಾಗುತ್ತದೆ. ಯೂನಿಟಿ ನಿಮ್ಮ ಪ್ರೋಬ್‌ಗಳನ್ನು ಜೋಡಿಸಿ ಜಾಗವನ್ನೆಲ್ಲ ಟೆಟ್ರಾಹೆಡ್ರನ್‌ಗಳಾಗಿ, ಎಂದರೆ ನಾಲ್ಕು ಮೂಲೆಗಳ ಘನಾಕೃತಿಗಳಾಗಿ, ಹೆಣೆಯುತ್ತದೆ. ಪಾತ್ರ ಯಾವುದರೊಳಗಿದೆಯೋ ಅದರ ನಾಲ್ಕು ಮೂಲೆಗಳ ಬೆಳಕನ್ನು ಸಾಮೀಪ್ಯಕ್ಕೆ ತಕ್ಕಂತೆ ಬೆರೆಸುತ್ತದೆ. ಈ ಬೆರೆಸುವಿಕೆಗೆ ಗೋಡೆ ಎಂದರೇನೆಂದು ತಿಳಿಯದು. ನಿಮ್ಮ ಮೊದಲ ದೋಷದ ಮೂಲ ಇದೇ.

ಲೆಕ್ಕ ಸುಲಭವಾಗಲೆಂದು ಒಂದೇ ಸರಳರೇಖೆಯ ಮೇಲೆ ಯೋಚಿಸೋಣ. ಗೋಡೆಯ ದಪ್ಪ 30 ಸೆಂ.ಮೀ. ಅಂಗಳದ ಪ್ರೋಬ್ ಗೋಡೆಯಿಂದ 1 ಮೀಟರ್ ಆಚೆ ಇದೆ, ಅದರ ಬೆಳಕು 10. ಕೋಣೆಯ ಪ್ರೋಬ್ ಗೋಡೆಯಿಂದ 2 ಮೀಟರ್ ಒಳಗಿದೆ, ಅದರ ಬೆಳಕು 0.5. ಎರಡರ ನಡುವಿನ ದೂರ 3.3 ಮೀಟರ್. ಪಾತ್ರ ಗೋಡೆಯಿಂದ ಅರ್ಧ ಮೀಟರ್ ಒಳಗೆ ನಿಂತಾಗ ಕೋಣೆಯ ಪ್ರೋಬ್‌ನಿಂದ 1.5 ಮೀಟರ್ ದೂರದಲ್ಲಿರುತ್ತದೆ. ಹಾಗಾಗಿ ಅಂಗಳದ ಪಾಲು 1.5/3.3, ಸುಮಾರು ಶೇ. 45. ಬೆರೆತ ಬೆಳಕು ಸುಮಾರು 4.8. ಕತ್ತಲೆ ಕೋಣೆಯಲ್ಲಿ ನಿಂತ ಪಾತ್ರ ಇರಬೇಕಾದುದಕ್ಕಿಂತ ಹೆಚ್ಚುಕಡಿಮೆ ಹತ್ತು ಪಟ್ಟು ಬೆಳಗುತ್ತದೆ.

ಪ್ರೋಬ್‌ಗಳನ್ನು ಎಲ್ಲೆಡೆ ಒತ್ತಾಗಿ ಸುರಿಯುವುದು ಇದಕ್ಕೆ ಪರಿಹಾರವಲ್ಲ. ಗೋಡೆಯ ಎರಡೂ ಬದಿಗೆ, ಮೈಯಿಂದ ಸುಮಾರು 10 ಸೆಂ.ಮೀ. ದೂರದಲ್ಲಿ, ಎದುರುಬದುರಾಗಿ ಜೋಡಿ ಪ್ರೋಬ್‌ಗಳನ್ನು ಇಡಿ. ಆಗ ಅಂಗಳದ ಬೆಳಕು ಕೋಣೆಯ ಕತ್ತಲೆಗೆ ಇಳಿಯುವುದು ಈ ಜೋಡಿಯ ನಡುವಿನ ಅರ್ಧ ಮೀಟರಿನಲ್ಲಿ ಮಾತ್ರ, ಅದರಲ್ಲೂ ಬಹುಪಾಲು ಗೋಡೆಯ ಒಳಗೇ. ಕೋಣೆಯ ಕಡೆ ಉಳಿಯುವ 10 ಸೆಂ.ಮೀ. ಪಟ್ಟಿಯೊಳಕ್ಕೆ ಪಾತ್ರದ ನಡುಬಿಂದು ಬರಲಾರದು, ಏಕೆಂದರೆ ಅದರ ಮೈಯೇ ಅದನ್ನು ಗೋಡೆಯಿಂದ ಅಷ್ಟು ದೂರ ಇಟ್ಟಿರುತ್ತದೆ. ಗೋಡೆಯ ಉದ್ದಕ್ಕೂ ಇಂಥ ಜೋಡಿಗಳ ನಡುವಿನ ಅಂತರವು, ಕೋಣೆಯೊಳಗಿನ ಮುಂದಿನ ಪ್ರೋಬ್‌ಗೆ ಗೋಡೆಯಿಂದಿರುವ ದೂರವನ್ನು ಮೀರದಿರಲಿ; ಮೀರಿದರೆ ಜೋಡಿಗಳ ನಡುವಿನಿಂದ ಗೋಡೆಯನ್ನು ದಾಟುವ ಟೆಟ್ರಾಹೆಡ್ರನ್‌ಗಳು ಮತ್ತೆ ಹುಟ್ಟಬಹುದು. ಪ್ರೋಬ್‌ಗಳು ಗೋಡೆಯೊಳಗೆ ಹುದುಗದಂತೆಯೂ ನೋಡಿಕೊಳ್ಳಿ. ಎತ್ತರದಲ್ಲಿ ಕನಿಷ್ಠ ಎರಡು ಪದರಗಳು ಬೇಕು, ಒಂದು ಮೊಣಕಾಲಿನ ಮಟ್ಟಕ್ಕೆ, ಇನ್ನೊಂದು ತಲೆಗಿಂತ ಸ್ವಲ್ಪ ಮೇಲೆ; ಒಂದೇ ಸಮತಲದಲ್ಲಿರುವ ಬಿಂದುಗಳಿಂದ ಘನಾಕೃತಿಯಾಗುವುದಿಲ್ಲ. ಬಾಗಿಲಿನಲ್ಲಿ ಮಾತ್ರ ಬೆಳಕು ನಿಜವಾಗಿಯೂ ಬೆರೆಯುತ್ತದೆ, ಆದ್ದರಿಂದ ಹೊಸ್ತಿಲ ಮೇಲೆಯೇ ಒಂದೆರಡು ಪ್ರೋಬ್‌ಗಳಿರಲಿ.

ಇನ್ನು ಕಪ್ಪು ಪಟ್ಟಿ. ನಿಮ್ಮ ಬಿಸಿಲಿನ ದೀಪವನ್ನು Baked ಎಂದು ಇಟ್ಟಿದ್ದೀರಿ ಎಂದು ಊಹಿಸುತ್ತೇನೆ. ಹಾಗಿದ್ದರೆ ಸೂರ್ಯನ ನೇರ ಬೆಳಕೂ ಪ್ರೋಬ್‌ನೊಳಗೆ ಸೇರಿಕೊಂಡಿದೆ. ಒಂದೇ ದಿಕ್ಕಿನಿಂದ ಬರುವ ಬೆಳಕನ್ನು 9 ಮೃದು ಆಕಾರಗಳಲ್ಲಿ ಹಿಡಿದಾಗ, ಬೆಳಕಿನ ದಿಕ್ಕಿಗೂ ನಾರ್ಮಲ್‌ಗೂ ನಡುವಿನ ಕೋನ θ ಆದರೆ, ಸಿಗುವುದು ಇದು:

```
E = 1/4 + t/2 + (5/32)(3t² − 1),   t = cos θ
```

ನೇರ ಎದುರಿನಲ್ಲಿ ಇದು 1.06, ನಿಜವಾದ 1ಕ್ಕೆ ಹತ್ತಿರವೇ. ಬೆನ್ನ ಕಡೆ ಸೊನ್ನೆಯಾಗಬೇಕಾದಲ್ಲಿ 0.06 ಉಳಿಯುತ್ತದೆ. ಆದರೆ θ ಸುಮಾರು 122 ಡಿಗ್ರಿ ಇರುವಲ್ಲಿ ಇದು −0.04ಕ್ಕೆ ಇಳಿಯುತ್ತದೆ. ಬೆಳಕು ಋಣವಾಗುವುದೆಂದರೆ, ಅಲ್ಲಿರುವ ಆಕಾಶದ ಮತ್ತು ನೆಲದ ಬೆಳಕಿನಿಂದಲೂ ಅಷ್ಟನ್ನು ಕಳೆದಂತೆ. ಅಂಗಳದ ಸೂರ್ಯ ಪ್ರಖರವಾದಷ್ಟೂ ಈ ಕಳೆತ ದೊಡ್ಡದು, ಮೈಯ ನೆರಳಿನ ಬದಿಯಲ್ಲಿ ಪಟ್ಟಿ ಮೂಡುವುದು ಇದರಿಂದಲೇ. ಸೂರ್ಯನ ಬಣ್ಣ ಕಿತ್ತಳೆಯಾಗಿದ್ದರೆ ಕೆಂಪು ಹೆಚ್ಚಾಗಿ ಕಳೆದುಹೋಗಿ ಪಟ್ಟಿ ನೀಲಿಯತ್ತ ವಾಲುತ್ತದೆ; ಮೈಮೇಲೆ ಅಂಥ ಅಕಾರಣ ನೀಲಿ ಕಂಡರೆ ಇದೇ ದೋಷವೆಂದು ನಂಬಬಹುದು.

Light Probe Group ನಲ್ಲಿ Remove Ringing ಎಂಬ ಆಯ್ಕೆ ಇದೆ. ಅದು ಮೇಲಿನ ಹಂತಗಳನ್ನು ತಗ್ಗಿಸಿ ಋಣಭಾಗವನ್ನು ನಿವಾರಿಸುತ್ತದೆ, ಆದರೆ ಬೆಳಕಿಗೂ ನೆರಳಿಗೂ ಇದ್ದ ವ್ಯತ್ಯಾಸವೂ ಮಂಕಾಗುತ್ತದೆ. ನಿಮ್ಮ ದೃಶ್ಯದಲ್ಲಿ ನಾನಾದರೆ ಸೂರ್ಯನನ್ನು Mixed ಮಾಡಿ, Lighting Mode ಅನ್ನು Baked Indirect ಎಂದು ಇಡುತ್ತೇನೆ. ಆಗ ನೇರ ಬೆಳಕು ಆಟ ನಡೆಯುವಾಗಲೇ ಲೆಕ್ಕವಾಗುತ್ತದೆ, ಪ್ರೋಬ್‌ಗೆ ಉಳಿಯುವುದು ಗೋಡೆ, ನೆಲ, ಆಕಾಶಗಳಿಂದ ಬರುವ ಹರಡಿದ ಬೆಳಕು ಮಾತ್ರ. 9 ಆಕಾರಗಳು ಚೆನ್ನಾಗಿ ಹಿಡಿಯಬಲ್ಲದ್ದು ಅಂಥ ಬೆಳಕನ್ನೇ.

ಪರೀಕ್ಷಿಸಲು, ಪಾತ್ರವನ್ನು ಬದಿಗಿಟ್ಟು ಒಂದು ಸಣ್ಣ ಬಿಳಿ ಮ್ಯಾಟ್ ಗೋಳವನ್ನು ತೆಗೆದುಕೊಂಡು, ನೇರ ದೀಪಗಳನ್ನು ಆರಿಸಿ, ಅದನ್ನು ಗೋಡೆಯ ಉದ್ದಕ್ಕೂ ಎದೆಯೆತ್ತರದಲ್ಲಿ ನಿಧಾನವಾಗಿ ಎಳೆದು ನೋಡಿ. ಎಲ್ಲಿ ಹೊಳೆಯುತ್ತದೋ ಅಲ್ಲಿ ಗೋಡೆಯಾಚೆಯ ಪ್ರೋಬ್ ಸೇರಿಕೊಂಡಿದೆ. ಆ ಜಾಗದಲ್ಲಿ ಪ್ರೋಬ್‌ಗಳನ್ನು ಜೋಡಿಸುವ ಗೆರೆಗಳನ್ನು ಪರದೆಯ ಮೇಲೆ ನೋಡಿದರೆ ಯಾವುದೆಂದು ಗೊತ್ತಾಗುತ್ತದೆ.

ಗೋಳ ಸರಿಯಾಗಿದ್ದೂ ಪಾತ್ರದ ತಲೆ ಮತ್ತು ಮೈ ಬೇರೆ ಬೇರೆ ಬೆಳಕಿನಲ್ಲಿರುವಂತೆ ಕಂಡರೆ, ಅವು ಬೇರೆ ಬೇರೆ ಮೆಶ್‌ಗಳಾಗಿ ತಮ್ಮ ತಮ್ಮ ನಡುಬಿಂದುವಿನಲ್ಲಿ ಬೆಳಕನ್ನು ಓದುತ್ತಿವೆ; ಎಲ್ಲಕ್ಕೂ Anchor Override ನಲ್ಲಿ ಎದೆಯ ಒಂದೇ ಬಿಂದುವನ್ನು ಕೊಡಿ. ಇದರ ಬೆಲೆಯೆಂದರೆ ಇಡೀ ಮೈಗೆ ಒಂದೇ ಜಾಗದ ಬೆಳಕು: ಪಾತ್ರ ಹೊಸ್ತಿಲಲ್ಲಿ ನಿಂತಾಗ ಹೊರಗಿರುವ ಕೈ ಮಾತ್ರ ಹೆಚ್ಚು ಬೆಳಗುವುದಿಲ್ಲ. ಪಾದದ ಕೆಳಗೆ ನೆಲ ಕಪ್ಪಾಗುವುದನ್ನೂ ಪ್ರೋಬ್ ಕೊಡಲಾರದು. ಅದಕ್ಕೆ ಆಂಬಿಯೆಂಟ್ ಆಕ್ಲೂಷನ್ ಅಥವಾ ಪಾದದಡಿಯ ಒಂದು ಮಸುಕು ನೆರಳನ್ನು ಬೇರೆಯಾಗಿ ಸೇರಿಸಬೇಕಾಗುತ್ತದೆ.