ಫಿಟ್ ಚೀಟಿ ಇದೆ, ಆದ್ರೂ ಕೂರೋಕಾಗ್ತಿಲ್ಲ

“ಡಿಸ್ಕ್ ಆಪರೇಷನ್ ಆಗಿ ಮೂರು ತಿಂಗಳ ಮೇಲೆ ನಮ್ಮ ಗಾರ್ಮೆಂಟ್ಸ್ ಲೈನಿನ ಟೈಲರ್ ಕೆಲಸಕ್ಕೆ ವಾಪಸ್ ಬಂದಿದ್ದಾರೆ. ಫಿಟ್ ಅಂತ ಚೀಟಿ ಇದೆ, ಮಧ್ಯಾಹ್ನಕ್ಕೇ ಬೆನ್ನು ಹಿಡಿಯುತ್ತೆ ಅಂತಾರೆ. ಏನು ಮಾಡಲಿ?”

ಬಹುಶಃ ಮೊದಲ ದಿನವೇ ಹಳೇ ಟಾರ್ಗೆಟ್ ಕೊಟ್ಟಿದ್ದೀರಿ. ‘ಫಿಟ್’ ಅಂದರೆ ಎಂಟು ಗಂಟೆ ಬಗ್ಗಿ ಹೊಲಿಯಬಹುದು ಅಂತಲ್ಲ.

ಅವರ ಡಾಕ್ಟರಿಂದ ಇನ್ನೊಂದು ಚೀಟಿ ತರಿಸಿ. ಒಂದೇ ಸಲ ಎಷ್ಟು ಹೊತ್ತು ಕೂರಬಹುದು, ಎಷ್ಟು ಕೆಜಿ ಎತ್ತಬಹುದು, ದಿನಕ್ಕೆ ಎಷ್ಟು ಗಂಟೆ ಕೆಲಸ, ಇಷ್ಟೇ ಇರಲಿ. ಕಾಯಿಲೆಯ ವಿವರ ಸೂಪರ್‌ವೈಸರ್‌ಗೆ ಬೇಕಾಗಿಲ್ಲ.

ಅದು ಬರೋವರೆಗೆ ಅರ್ಧ ದಿನ ಚೆಕಿಂಗ್ ಟೇಬಲ್‌ಗೆ ಹಾಕಿ. ಅಲ್ಲಿ ಕೂತು, ಎದ್ದು, ನಿಂತು ಮಾಡಬಹುದು. ದಾರ ಕತ್ತರಿಸೋದು, ಹೊಲಿಗೆ ನೋಡೋದು. ಬಂಡಲ್ ಬೇರೆಯವರು ಎತ್ತಲಿ. ಲೈನಿನಲ್ಲಿ ಗಂಟೆಗೆ ಎಷ್ಟು ಪೀಸ್ ಆಯ್ತು ಅನ್ನೋ ಲೆಕ್ಕದಿಂದ ಅವರ ಹೆಸರು ತೆಗೆಯಿರಿ. ಇದನ್ನೇ ಎಲ್ಲರೂ ಮರೆಯೋದು. ಲೆಕ್ಕದಲ್ಲಿದ್ದರೆ ಅವರೇ ಹಟಕ್ಕೆ ಬಿದ್ದು ಮೆಷಿನ್ ಹತ್ತುತ್ತಾರೆ. ಅರ್ಧ ದಿನಕ್ಕೆ ಸಂಬಳ ಎಷ್ಟು ಅಂತ ಈಗಲೇ ಬರೆದುಕೊಡಿ.

ಆಮೇಲೆ ವಾರಕ್ಕೆ ಒಂದನ್ನೇ ಬದಲಿಸಿ: ಮೊದಲು ಗಂಟೆ, ನಂತರ ಮೆಷಿನ್, ಕೊನೆಗೆ ಟಾರ್ಗೆಟ್. ಈ ವೇಗ ಎಲ್ಲರಿಗೂ ಹೊಂದಲ್ಲ. ಮಾರನೇ ಬೆಳಿಗ್ಗೆಯೂ ನೋವು ಜಾಸ್ತಿ ಇದ್ದರೆ ಒಂದು ಹೆಜ್ಜೆ ಹಿಂದೆ ಹೋಗಿ. ಕಾಲು ಜೋಮು ಹಿಡಿದರೆ, ಕಾಲಲ್ಲಿ ಬಲ ಕಮ್ಮಿಯಾದರೆ, ಮೂತ್ರ ಕಟ್ಟಿದರೆ ಅವತ್ತೇ ಆಸ್ಪತ್ರೆಗೆ ಕಳಿಸಿ.