‘ಇರುವುದರಿಂದ’ ಅಂತ ಬರೆದರೆ ಎಷ್ಟು ಅಂಕ?

ಪ್ರಶ್ನೆ: ಚಿಂತಾಮಣಿ ಕಡೆಯ ನಾಲ್ಕು ಕಾಲೇಜು ಸೇರಿ ಪೂರ್ವಸಿದ್ಧತಾ ಪರೀಕ್ಷೆ ಮಾಡ್ತಿದ್ದೇವೆ. ಹತ್ತು ಅಂಕದ ಪ್ರಶ್ನೆಗೆ ಸ್ಕೀಮ್ ಕೊಟ್ಟರೂ ಒಬ್ಬರು 8 ಹಾಕ್ತಾರೆ, ಇನ್ನೊಬ್ಬರು 4. ಹೇಗೆ ಬರೆದರೆ ಎಲ್ಲರ ಅಂಕ ಒಂದೇ ರೀತಿ ಬರುತ್ತೆ?

ಪೂರ್ತಿ ಒಂದೇ ರೀತಿ ಬರುವುದಿಲ್ಲ. ಹತ್ತಕ್ಕೆ ಒಂದು ಅಂಕ ಆಚೀಚೆ ಅನ್ನುವಷ್ಟಕ್ಕೆ ತರಬಹುದು. ನಾನು ಕೋಲಾರದಲ್ಲಿ ಪಾಠ ಮಾಡುವವನು. ನಿಮ್ಮ ಹಾಗೇ ಒಂದು ಜಂಟಿ ಪರೀಕ್ಷೆಗೆ ಸ್ಕೀಮ್ ಬರೆದು, ಚೆನ್ನಾಗಿ ಬೈಸಿಕೊಂಡಿದ್ದೇನೆ. ಆ ಪ್ರಶ್ನೆಯನ್ನೇ ಇಟ್ಟುಕೊಂಡು ಹೇಳುತ್ತೇನೆ.

ಪ್ರಶ್ನೆ ಇದ್ದದ್ದು ಹೀಗೆ: ‘ಕೋಲಾರ ಜಿಲ್ಲೆಯಲ್ಲಿ ಕೆರೆಗಳು ಹಾಳಾಗಲು ಕಾರಣಗಳನ್ನು ವಿವರಿಸಿ. ಕೆ.ಸಿ. ವ್ಯಾಲಿ ಯೋಜನೆಯ ಬಗ್ಗೆ ನಿಮ್ಮ ಅಭಿಪ್ರಾಯ ಬರೆಯಿರಿ.’ ನಾನು ಕೊಟ್ಟ ಸ್ಕೀಮ್: ಪೀಠಿಕೆ 1, ಕಾರಣಗಳು 5, ಯೋಜನೆ 3, ಉಪಸಂಹಾರ 1. ಕೊನೆಗೆ ಎಲ್ಲರೂ ಬರೆಯುವ ಆ ಸಾಲು, ‘ಸೂಕ್ತ ವಿವರಣೆಗೆ ಅಂಕ ನೀಡಿ’. ಸೂಕ್ತ ಅಂದರೆ ಏನು ಅಂತ ನನಗೂ ಗೊತ್ತಿರಲಿಲ್ಲ, ಬಿಡಿ.

ಒಬ್ಬ ಹುಡುಗ ಐದು ಕಾರಣ ಬರೆದಿದ್ದ. ಪ್ರತಿಯೊಂದೂ ಒಂದೇ ಸಾಲು, ಕೆಳಗೆ ಸ್ಕೇಲ್ ಇಟ್ಟು ಗೆರೆ. ‘ಹೂಳು ತುಂಬಿರುವುದರಿಂದ ಕೆರೆಗಳು ಹಾಳಾಗಿವೆ. ಒತ್ತುವರಿ ಆಗಿರುವುದರಿಂದ ಕೆರೆಗಳು ಹಾಳಾಗಿವೆ. ನೀಲಗಿರಿ ಬೆಳೆಸಿರುವುದರಿಂದ ಕೆರೆಗಳು ಹಾಳಾಗಿವೆ.’ ಇನ್ನೆರಡೂ ಹೀಗೇ. ಐದು ಜನ ಮೌಲ್ಯಮಾಪಕರು ಆ ಉತ್ತರಕ್ಕೆ ಕೊಟ್ಟ ಅಂಕ 8, 7, 6, 4, 4. ಎಂಟು ಕೊಟ್ಟವರು ಪಾಯಿಂಟ್ ಎಣಿಸಿದ್ದರು. ನಾಲ್ಕು ಕೊಟ್ಟವರು ‘ವಿವರಿಸಿ’ ಅಂತ ಕೇಳಿದೆ, ವಿವರಣೆ ಎಲ್ಲಿ ಅಂದರು. ಎರಡೂ ಕಡೆಯವರು ಸ್ಕೀಮ್ ನೋಡಿಕೊಂಡೇ ಅಂಕ ಹಾಕಿದ್ದರು. ತಪ್ಪು ನನ್ನದು.

ಇಂಥ ಹೊತ್ತಿನಲ್ಲಿ ನಾವೆಲ್ಲ ಮೊದಲು ಮಾಡುವುದು ಪಾಯಿಂಟ್ ಪಟ್ಟಿಯನ್ನು ಉದ್ದ ಮಾಡುವುದು. ಹನ್ನೆರಡು ಕಾರಣ ಬರೆದು ಕೊಟ್ಟರೂ ಜಗಳ ನಿಲ್ಲುವುದಿಲ್ಲ. ಯಾಕೆಂದರೆ ಜಗಳ ಇದ್ದದ್ದು ಯಾವ ಕಾರಣ ಸರಿ ಅನ್ನುವುದರಲ್ಲಲ್ಲ, ಒಂದು ಅಂಕ ಎಲ್ಲಿ ಮುಗಿದು ಎರಡು ಎಲ್ಲಿ ಶುರುವಾಗುತ್ತೆ ಅನ್ನುವುದರಲ್ಲಿ. ಸ್ಕೀಮ್‌ನಲ್ಲಿ ಬರೆಯಬೇಕಾದದ್ದು ಆ ಗಡಿ.

ನಾವು ಆಮೇಲೆ ಹೀಗೆ ಬರೆದೆವು. ಕಾರಣಗಳಿಗೆ 6 ಅಂಕ. ಮೂರು ಕಾರಣ ಸಾಕು, ಒಂದೊಂದಕ್ಕೆ 2. ಕಾರಣ ಹೆಸರಿಸಿದರೆ 1. ಅದರಿಂದ ಕೆರೆಗೆ ನೀರು ಬರುವುದು, ನಿಲ್ಲುವುದು ಹೇಗೆ ಕೆಟ್ಟಿತು ಅಂತ ಹೇಳಿದರೆ ಇನ್ನೊಂದು. ನಾಲ್ಕನೆಯದು, ಐದನೆಯದು ಬರೆದಿದ್ದರೆ ಎಲ್ಲದರಲ್ಲಿ ಚೆನ್ನಾಗಿರುವ ಮೂರನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಪೀಠಿಕೆ, ಉಪಸಂಹಾರಕ್ಕೆ ಅಂಕ ಇಲ್ಲ. ಪ್ರಶ್ನೆ ಅವನ್ನು ಕೇಳಿಯೇ ಇಲ್ಲ ಅಲ್ವಾ?

ಇಷ್ಟಾದರೂ ‘ಹೂಳು ತುಂಬಿರುವುದರಿಂದ ಕೆರೆಗಳು ಹಾಳಾಗಿವೆ’ ಸಾಲಿಗೆ ಅರ್ಧ ಗಂಟೆ ಚರ್ಚೆ ಆಯಿತು. ‘ಇರುವುದರಿಂದ’ ಅಂತ ಬಂದಿದೆಯಲ್ಲ, ಕಾರಣ ಕೊಟ್ಟ ಹಾಗೇ ತಾನೇ ಅಂದರು ಒಬ್ಬರು. ಓದಲು ವಿವರಣೆಯ ಹಾಗೇ ಕಾಣುತ್ತೆ, ನಿಜ. ಆದರೆ ‘ಕೆರೆಗಳು ಹಾಳಾಗಿವೆ’ ಅನ್ನುವುದು ಪ್ರಶ್ನೆಯಲ್ಲೇ ಇದೆ. ಹುಡುಗ ಸೇರಿಸಿದ್ದು ‘ಹೂಳು’ ಅನ್ನುವುದೊಂದನ್ನೇ. ಆದ್ದರಿಂದ 1. ಇನ್ನೊಬ್ಬಳು ‘ಹೂಳು ತುಂಬಿ ನೀರು ನಿಲ್ಲುವ ಜಾಗ ಕಮ್ಮಿಯಾಗಿದೆ’ ಅಂತ ಬರೆದಿದ್ದಳು. ಅದಕ್ಕೆ 2. ‘ರಾಜಕಾಲುವೆ ಮೇಲೆ ಲೇಔಟ್ ಮಾಡಿದ್ದಾರೆ, ಮಳೆ ಬಂದರೂ ನೀರು ಕೆರೆಗೆ ಹೋಗದೆ ರಸ್ತೆಗೆ ಹರಿಯುತ್ತೆ’ ಅನ್ನುವುದಕ್ಕೂ 2. ಈ ಮೂರು ಸಾಲನ್ನೂ ಅವರವರ ಮಾತಿನಲ್ಲೇ ಸ್ಕೀಮ್ ಒಳಗೆ ಸೇರಿಸಿದೆವು. ನನ್ನ ಅನುಭವದಲ್ಲಿ ನಿಯಮಕ್ಕಿಂತ ಈ ಉದಾಹರಣೆಗಳೇ ಜಾಸ್ತಿ ಕೆಲಸ ಮಾಡುತ್ತವೆ. ಅದರಲ್ಲೂ ಅಂಚಿನಲ್ಲಿ ಇರುವವು. ತೀರಾ ಒಳ್ಳೆ ಉತ್ತರ, ತೀರಾ ಕೆಟ್ಟ ಉತ್ತರದಲ್ಲಿ ಯಾರೂ ಹೊಡೆದಾಡುವುದಿಲ್ಲ.

ಅಭಿಪ್ರಾಯದ ಭಾಗಕ್ಕೆ 4. ಬೆಂಗಳೂರಿನ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಶುದ್ಧಮಾಡಿ ಕೋಲಾರದ ಕೆರೆಗಳಿಗೆ ಪಂಪ್ ಮಾಡುವ ಯೋಜನೆ ಅಂತ ಹೇಳಿದರೆ 1. ಕಾರಣ ಸಮೇತ ಒಂದು ಲಾಭಕ್ಕೆ 1. ಕಾರಣ ಸಮೇತ ಒಂದು ಆಕ್ಷೇಪಕ್ಕೆ 1. ಅವೆರಡಕ್ಕೂ ಹೊಂದುವ ತೀರ್ಮಾನಕ್ಕೆ 1, ಅದು ಪರವಾಗಿರಲಿ ವಿರೋಧವಾಗಿರಲಿ. ಆ ಕೊನೆಯ ಮಾತನ್ನು ಬರೆಯಲೇಬೇಕು. ಇದು ನಮ್ಮೂರಿನ ವಿಷಯ. 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂದಾಗಿನಿಂದ ಮೇಷ್ಟ್ರುಗಳಲ್ಲೇ ಎರಡು ಪಂಗಡ ಇದೆ. ಮೂರನೇ ಹಂತದ ಶುದ್ಧೀಕರಣ ಬೇಕು ಅನ್ನುವವರು, ಬತ್ತಿದ ಬೋರ್‌ವೆಲ್‌ಗೆ ಜೀವ ಬಂತಲ್ಲ ಅನ್ನುವವರು. ತಮ್ಮ ಪಂಗಡದ ಉತ್ತರಕ್ಕೆ ಕೈ ತಾನಾಗಿ ಧಾರಾಳ ಆಗುತ್ತೆ.

ಇನ್ನು ಇದನ್ನೆಲ್ಲ ಬರೆಯುವುದು ಯಾವಾಗ? ಪ್ರಶ್ನೆ ಪತ್ರಿಕೆ ಜೊತೆಗೇ ಕರಡು ಬರೆಯಿರಿ, ಆದರೆ ಅದನ್ನೇ ಅಂತಿಮ ಅನ್ನಬೇಡಿ. ಪರೀಕ್ಷೆ ಮುಗಿದ ಮೇಲೆ ಹತ್ತು ಉತ್ತರ ಆರಿಸಿ. ಎರಡು ಚೆನ್ನಾಗಿರುವವು, ಎರಡು ಕಳಪೆ, ಉಳಿದವು ಮಧ್ಯದವು. ಜೆರಾಕ್ಸ್ ಮಾಡಿಸಿ ಎಲ್ಲರಿಗೂ ಹಂಚಿ. ಒಬ್ಬೊಬ್ಬರೂ ಬೇರೆ ಚೀಟಿಯಲ್ಲಿ ಅಂಕ ಬರೆಯಲಿ. ಎಲ್ಲರೂ ಬರೆದು ಮುಗಿಸುವವರೆಗೆ ಯಾರೂ ಬಾಯಿ ಬಿಡಬಾರದು. ಹಿರಿಯರು ‘ಇದು ಆರರ ಉತ್ತರ ಕಣಪ್ಪ’ ಅಂದುಬಿಟ್ಟರೆ ಮಿಕ್ಕವರ ಚೀಟಿಯಲ್ಲೂ ಆರೇ ಬರುತ್ತೆ. ಆಮೇಲೆ ಸ್ಕೀಮ್ ಎಲ್ಲಿ ಸಡಿಲ ಇದೆ ಅಂತ ಗೊತ್ತೇ ಆಗುವುದಿಲ್ಲ.

ಅಂಕಗಳನ್ನು ಬೋರ್ಡಿನ ಮೇಲೆ ಬರೆದಾಗ ಎರಡು ಬಗೆಯ ವ್ಯತ್ಯಾಸ ಕಾಣುತ್ತೆ. ಒಬ್ಬರು ಹತ್ತೂ ಉತ್ತರಕ್ಕೆ ಉಳಿದವರಿಗಿಂತ ಒಂದು ಕಮ್ಮಿ ಕೊಟ್ಟಿದ್ದರೆ ಅದು ಅವರ ಕೈಬಿಗಿ. ತೋರಿಸಿದರೆ ಸರಿಹೋಗುತ್ತೆ. ಒಂದೇ ಉತ್ತರಕ್ಕೆ ಮಾತ್ರ ಎಲ್ಲರೂ ಚೆಲ್ಲಾಪಿಲ್ಲಿ ಆಗಿದ್ದರೆ ಜನರನ್ನು ಬಿಟ್ಟು ಸ್ಕೀಮ್ ನೋಡಿ. ಅಲ್ಲಿ ಯಾವುದೋ ಸಾಲು ಎರಡು ಅರ್ಥ ಕೊಡುತ್ತಿರುತ್ತದೆ. ನಮ್ಮ ಗೆರೆ ಹಾಕಿದ ಹುಡುಗನ ಉತ್ತರಕ್ಕೆ ಹೊಸ ಸ್ಕೀಮ್‌ನಲ್ಲಿ ಬಂದದ್ದು 5, 5, 6, 5, 5. ಕಾರಣಗಳಿಗೆ ಮೂರು, ಯೋಜನೆ ಏನು ಅನ್ನುವುದಕ್ಕೆ ಒಂದು, ಅಂತರ್ಜಲ ಏರಿದ್ದು ಹೇಗೆ ಅಂತ ಬರೆದದ್ದಕ್ಕೆ ಒಂದು. ಆರು ಕೊಟ್ಟವರು ಅವನ ತೀರ್ಮಾನಕ್ಕೂ ಒಂದು ಕೊಟ್ಟಿದ್ದರು. ಅದನ್ನು ಹಾಗೇ ಬಿಟ್ಟೆವು.

ಒಂದು ಎಚ್ಚರ. ಸ್ಕೀಮ್ ಬಿಗಿ ಮಾಡುತ್ತಾ ಹೋದರೆ ಪುಸ್ತಕದಲ್ಲಿ ಇಲ್ಲದ್ದನ್ನು ಬರೆದ ಜಾಣ ಮಗು ಸಿಕ್ಕಿಹಾಕಿಕೊಳ್ಳುತ್ತೆ. ನೀಲಗಿರಿ ಪಠ್ಯದಲ್ಲಿ ಇಲ್ಲ, ಅಂಕ ಇಲ್ಲ ಅಂತ ಒಬ್ಬರು ಪಟ್ಟು ಹಿಡಿದರು. ಅದಕ್ಕೇ ನಮ್ಮ ಪಟ್ಟಿಯ ಮೇಲೆ ‘ಉದಾಹರಣೆಗೆ’ ಅಂತ ಬರೆದಿದ್ದೇವೆ. ಪಟ್ಟಿಯಲ್ಲಿ ಇಲ್ಲದ ಕಾರಣ ಸಿಕ್ಕರೆ ಮೇಜಿನ ಮೇಲಿನ ನೋಟ್‌ಬುಕ್ಕಿನಲ್ಲಿ ಬರೆಯಬೇಕು, ಮುಖ್ಯ ಮೌಲ್ಯಮಾಪಕರು ಒಂದು ಸಲ ತೀರ್ಮಾನ ಮಾಡಬೇಕು. ಆ ತೀರ್ಮಾನ ಎಲ್ಲರಿಗೂ. ಮುಗಿದ ಬಂಡಲ್‌ಗಳಲ್ಲೂ ಅದೇ ಕಾರಣ ಇದ್ದರೆ ತೆಗೆದು ತಿದ್ದಬೇಕು. ಬೇಸರದ ಕೆಲಸ. ಬಹಳ ಜನ ಇದನ್ನು ಹಾರಿಸುತ್ತಾರೆ.

ಮಧ್ಯಾಹ್ನ ಮುದ್ದೆ ಉಂಡು ಬಂದ ಮೇಲೆ ಕೈ ಬದಲಾಗುತ್ತೆ, ನನ್ನದೂ ಸೇರಿ. ಅದಕ್ಕೆ ಇಪ್ಪತ್ತೈದು ಉತ್ತರಕ್ಕೊಮ್ಮೆ, ಬೆಳಿಗ್ಗೆ ಎಲ್ಲರೂ ಒಪ್ಪಿ ಅಂಕ ಹಾಕಿದ ಒಂದು ಉತ್ತರದ ಜೆರಾಕ್ಸನ್ನು ಅಂಕ ಕಾಣದ ಹಾಗೆ ಬಂಡಲ್ ಮಧ್ಯೆ ಸೇರಿಸಿಡಿ. ಎರಡು ಅಂಕಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಹಿಂದಿನ ಇಪ್ಪತ್ತೈದನ್ನು ಮತ್ತೆ ನೋಡಿ. ಮೊದಲ ದಿನ ಸಿಕ್ಕಿಬಿದ್ದವನು ನಾನೇ. ಬೆಳಿಗ್ಗೆ 5 ಕೊಟ್ಟ ಉತ್ತರಕ್ಕೆ ಮೂರು ಗಂಟೆಗೆ 8 ಕೊಟ್ಟಿದ್ದೆ.