ಅಳಿಸಿಹೋದ ಚೆಕ್‌ರೋಲ್

‘ಪ’ ಅವರು ಬಿ.ಕಾಂ. ಪದವೀಧರೆ. ಕುಶಾಲನಗರ, ವಿರಾಜಪೇಟೆ ಕಡೆಯ ಕಾಫಿ ತೋಟಗಳಿಗೆ ಲೆಕ್ಕಪತ್ರದ ತಂತ್ರಾಂಶ ಮಾರುತ್ತಾರೆ. ಎರಡು ತಿಂಗಳೊಳಗೆ, ಅಂತರ್ಜಾಲದ ಮೂಲಕ ಕಂಪ್ಯೂಟರ್ ಬಾಡಿಗೆಗೆ ಕೊಡುವ ಅಮೆಜಾನ್ ಕ್ಲೌಡ್ ಸೇವೆ ಎಡಬ್ಲ್ಯೂಎಸ್‌ನ ಕ್ಲೌಡ್ ಪ್ರಾಕ್ಟಿಷನರ್ ಪರೀಕ್ಷೆ ಪಾಸಾಗಬೇಕು ಎಂದು ಕಚೇರಿಯಲ್ಲಿ ಹೇಳಿದ್ದರು. ನಿದ್ದೆಗೆಟ್ಟು, ಸಲಹೆಗೆಂದು ನನ್ನ ಬಳಿ ಬಂದಿದ್ದರು.

ಪರೀಕ್ಷೆಯ ಭಯವೆಂದುಕೊಂಡೆ. ಅರ್ಧ ಗಂಟೆಯ ಮೇಲೆ ನಿಜವಾದ ನೋವು ಹೊರಬಂತು. ಒಬ್ಬ ತೋಟದ ಮಾಲೀಕರಿಗೆ ಇವರು, ‘ಎಲ್ಲ ಕ್ಲೌಡ್‌ನಲ್ಲಿರುತ್ತದೆ, ಏನೂ ಹೋಗುವುದಿಲ್ಲ’ ಎಂದು ಮಾತು ಕೊಟ್ಟಿದ್ದರು. ತೋಟದ ಲೆಕ್ಕ ಬರೆಯುವ ರೈಟರ್ ಕೈತಪ್ಪಿ, ಆಳುಗಳ ಹಾಜರಿ, ಕೂಲಿ ಬರೆದಿಡುವ ಹಿಂದಿನ ವರ್ಷದ ಚೆಕ್‌ರೋಲ್ ಅಳಿಸಿದರು. ಅದು ಗೊತ್ತಾದದ್ದು ಮೂರು ವಾರದ ನಂತರ. ಇವರ ಕಂಪನಿ ಬ್ಯಾಕಪ್ ಉಳಿಸಿಕೊಳ್ಳುತ್ತಿದ್ದದ್ದು ಏಳೇ ದಿನ. ‘ನಾನು ಸುಳ್ಳುಗಾರ್ತಿಯಾದೆ’ ಎಂದು ಅತ್ತರು.

ಸುಳ್ಳಲ್ಲ, ತಿಳಿಯದೆ ಆಡಿದ ಮಾತು ಎಂದೆ. ಆ ಪರೀಕ್ಷೆಯ ಒಂದು ಮುಖ್ಯ ಪಾಠವೇ ಹೊಣೆ ಹಂಚಿಕೆ. ಕಾಫಿ ಬೀಜ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ನ ಗೋದಾಮನ್ನು ನೆನೆಯಿರಿ: ಸೂರು, ಗೋಡೆ, ಕಾವಲು ಅವರದು, ಚೀಟಿ ಯಾರ ಕೈಗೆ ಕೊಟ್ಟಿರಿ, ಯಾವ ಮೂಟೆ ಎತ್ತಿಸಿದಿರಿ ಎಂಬುದು ನಿಮ್ಮದು. ಕ್ಲೌಡ್ ಒದಗಿಸುವವರು ಕಟ್ಟಡ, ಯಂತ್ರ, ಜಾಲವನ್ನು ನೋಡಿಕೊಳ್ಳುತ್ತಾರೆ. ದತ್ತಾಂಶವನ್ನು ಯಾರು ಮುಟ್ಟಬಹುದು, ಬ್ಯಾಕಪ್ ಎಷ್ಟು ದಿನ ಇರಬೇಕು ಎಂಬುದು ಗ್ರಾಹಕರ ನಿರ್ಧಾರ.

ಪರೀಕ್ಷೆಯ ಪಾಠ ಇಲ್ಲಿಗೆ ನಿಲ್ಲುತ್ತದೆ. ಅದು ಹೇಳುವ ‘ಗ್ರಾಹಕ’ ಎಂದರೆ ‘ಪ’ ಅವರ ಕಂಪನಿ, ತೋಟದ ಮಾಲೀಕರಲ್ಲ. ಕಂಪನಿಗೂ ತೋಟಕ್ಕೂ ನಡುವಿನ ಗೆರೆಯನ್ನು ಯಾವ ಪರೀಕ್ಷೆಯೂ ಎಳೆದುಕೊಡುವುದಿಲ್ಲ. ಪಾಸಾದ ಮಾರಾಟಗಾರರೂ ಎಡವುವುದು ಇಲ್ಲೇ ಎಂದು ನನ್ನ ಅನಿಸಿಕೆ.

ಹಾಗಾಗಿ ಓದಿಗಿಂತ ಮೊದಲು ಎಂಜಿನಿಯರ್ ಜೊತೆ ಕುಳಿತು ಒಂದು ಪುಟ ಬರೆಸಿಕೊಳ್ಳಲು ಹೇಳಿದೆ: ಅಳಿಸಿದ್ದು ಎಷ್ಟು ದಿನದೊಳಗೆ ಸಿಗುತ್ತದೆ, ಅಳಿಸುವ ಅಧಿಕಾರ ಯಾರಿಗಿದೆ, ಕೇಳಿದರೆ ಯಾರು ತೆಗೆದುಕೊಡುತ್ತಾರೆ. ಆಮೇಲೆ ಪಠ್ಯ ಹಿಡಿದರೆ ಪ್ರತಿ ಪದಕ್ಕೂ ಒಂದು ತೋಟ ಕಣ್ಣಿಗೆ ಕಾಣುತ್ತದೆ.

ಪರೀಕ್ಷೆಯ ಭಯವೂ ಇತ್ತೆನ್ನಿ. 65 ಪ್ರಶ್ನೆ, 90 ನಿಮಿಷ, 1000ಕ್ಕೆ 700 ಬಂದರೆ ಪಾಸು. ತಪ್ಪುತ್ತರಕ್ಕೆ ಅಂಕ ಕಳೆಯುವುದಿಲ್ಲ, ಖಾಲಿ ಬಿಡಬಾರದು. ಇಂಗ್ಲಿಷ್ ನಿಧಾನವೆಂದರು. ಮಾತೃಭಾಷೆ ಇಂಗ್ಲಿಷ್ ಅಲ್ಲದವರು `ESL +30` ಎಂಬ ಸೌಲಭ್ಯ ಕೇಳಿದರೆ ಅರ್ಧ ಗಂಟೆ ಹೆಚ್ಚು ಸಿಗುತ್ತದೆ. ದಿನಾಂಕ ಕಾಯ್ದಿರಿಸುವ ಮೊದಲೇ ಕೇಳಬೇಕು. ಫೇಲಾದರೆ ಮತ್ತೆ ಬರೆಯಲು 14 ದಿನ ಕಾಯಬೇಕು, ಶುಲ್ಕ ಮತ್ತೆ ಪೂರ್ತಿ. ಆ ಶುಲ್ಕ ಯಾರು ಕಟ್ಟುತ್ತಾರೆಂದು ಕಚೇರಿಯಲ್ಲಿ ಈಗಲೇ ಕೇಳಿ ಎಂದೆ. ಕೇಳಲು ಅವರು ನಾಲ್ಕು ದಿನ ತೆಗೆದುಕೊಂಡರು.

ಎರಡನೆಯ ಭೇಟಿಗೆ ಬಂದಾಗ ಪರೀಕ್ಷೆ ಇನ್ನೂ ಬರೆದಿರಲಿಲ್ಲ. ಹೊಸ ತೋಟವೊಂದರಲ್ಲಿ, ‘ಅಳಿಸಿಹೋದರೆ ಸಿಗುತ್ತದೆಯಾ?’ ಎಂದು ಕೇಳಿದ್ದರಂತೆ. ‘ಏಳು ದಿನದೊಳಗೆ ಹೇಳಿದರೆ ಸಿಗುತ್ತದೆ, ಆಮೇಲೆ ಇಲ್ಲ’ ಎಂದರಂತೆ ಇವರು. ಮಾಲೀಕರು ಒಂದು ತಿಂಗಳು ಬೇಕೆಂದರು. ಇವರು ಬೆಲೆ ಹೇಳದೆ, ಎಂಜಿನಿಯರ್ ಅವರನ್ನು ಕೇಳಿ ನಾಳೆ ತಿಳಿಸುತ್ತೇನೆ ಎಂದು ಬಂದಿದ್ದರು.